ಬ್ಯಾಂಕಿನ ಗುಮಾಸ್ತರಿಗೆ ಬಜಾರಿನಲ್ಲಿ ಒಂದು ಕೆಲಸ

ನಿಮ್ಮ ಯಜಮಾನರೋ ಮಾವನವರೋ ಬ್ಯಾಂಕಿನಲ್ಲಿ ಮೂವತ್ತು ಮೂವತ್ತೈದು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾಗಿದ್ದಾರೆಯೇ? ಅಥವಾ ಕೌಂಟರಿನ ಆ ಕಡೆ ಕೂತು ಲೆಡ್ಜರ್ ಬರೆದವರು ನೀವೇನಾ? ಹಾಗಿದ್ದರೆ ಈ ಲೇಖನ ನಿಮ್ಮ ಮನೆಗೇ ಸೇರಿದ್ದು. ಮೈಸೂರು ಜಿಲ್ಲೆಯಲ್ಲಿ ಇಂಥ ಮನೆಗಳಿಗೆ ಕೊರತೆಯಿಲ್ಲ. 1913ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಅಲ್ಲಿ ದುಡಿದ ಕೈಗಳು ಮಾತ್ರ ಇನ್ನೂ ಚುರುಕಾಗಿಯೇ ಇವೆ. ಪಿಂಚಣಿ ಬರುತ್ತೆ, ಹೊಟ್ಟೆ ಬಟ್ಟೆಗೆ ತೊಂದರೆಯಿಲ್ಲ. ಆದರೆ ಪೇಪರು ಓದಿ ಮುಗಿದ ಮೇಲೆ ಬೆಳಗ್ಗೆ ಹತ್ತು ಗಂಟೆಗೆ ಏನು ಮಾಡೋದು ಅನ್ನೋದೇ ಪ್ರಶ್ನೆ.

ವಾರಕ್ಕೆ ಎರಡು ಅರ್ಧ ದಿನ ಸಾಕಾಗುವಂಥ ಒಂದು ಕೆಲಸ ನಂಜನಗೂಡು, ತಿ. ನರಸೀಪುರದಂಥ ಊರುಗಳ ಬಜಾರಿನಲ್ಲೇ ಇದೆ. ಅದು ಸಣ್ಣ ಅಂಗಡಿಗಳ ತಿಂಗಳ ಲೆಕ್ಕ ಬರೆಯುವ ಕೆಲಸ. ಹೊಸ ಕೆಲಸವೇನಲ್ಲ. ಕಿರ್ದಿ-ಖಾತೆ ಬರೆಯುವ ಗುಮಾಸ್ತರು ಹಿಂದೆಯೂ ಇದ್ದರು. ಆದರೆ ಈಗ ಅದಕ್ಕೆ ಬೇಕಾಗಿರುವ ಜ್ಞಾನ ಬೇರೆ. ಬ್ಯಾಂಕಿನ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ಓದಿ, ಯಾವ ದುಡ್ಡು ಎಲ್ಲಿಂದ ಬಂತು ಅಂತ ಬಿಡಿಸಿ ಹೇಳುವವರು ಬೇಕು. ಅದನ್ನು ಬ್ಯಾಂಕಿನವರಷ್ಟು ಚೆನ್ನಾಗಿ ಮತ್ಯಾರು ಮಾಡಬಲ್ಲರು?

ಕೆಲಸ ಹುಟ್ಟಿದ್ದು ಹೇಗೆ?

2025ರ ಜುಲೈ ತಿಂಗಳು ನಿಮಗೆ ನೆನಪಿರಬಹುದು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ, ಹಾಲಿನ ಅಂಗಡಿ ಯಾವುದನ್ನೂ ಬಿಡಲಿಲ್ಲ. 2021-22ರಿಂದೀಚೆಗೆ ನಿಮ್ಮ ಖಾತೆಗೆ ಯುಪಿಐ ಮೂಲಕ ಇಷ್ಟು ಲಕ್ಷ ಬಂದಿದೆ, ಜಿಎಸ್‌ಟಿ ನೋಂದಣಿ ಯಾಕೆ ಮಾಡಿಸಿಲ್ಲ ಅನ್ನೋದು ಅದರ ಸಾರಾಂಶ. ಹೆದರಿದ ಎಷ್ಟೋ ಅಂಗಡಿಯವರು ಕ್ಯೂಆರ್ ಚೀಟಿ ಕಿತ್ತುಹಾಕಿ 'ನಗದು ಮಾತ್ರ' ಅಂತ ಬೋರ್ಡು ತಗುಲಿಸಿದ್ದನ್ನು ನೀವೇ ನೋಡಿರಬೇಕು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆ ಕರೆದು, ನೋಂದಣಿ ಮಾಡಿಸಿಕೊಂಡವರಿಂದ ಹಳೇ ಬಾಕಿ ವಸೂಲಿ ಮಾಡೋದಿಲ್ಲ ಅಂತ ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು.

ಆ ಸಮಯದಲ್ಲಿ ಅಂಗಡಿಯವರು ಹೇಳಿದ್ದರಲ್ಲಿ ಸತ್ಯವೂ ಇತ್ತು. ಖಾತೆಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡಲ್ಲ. ತಮ್ಮ ಕಳಿಸಿದ್ದು, ಚೀಟಿ ಎತ್ತಿದ್ದು, ಕೈಸಾಲ ತಗೊಂಡಿದ್ದು ಎಲ್ಲ ಅದೇ ಖಾತೆಗೆ ಬಂದಿರುತ್ತೆ. ಆದರೆ ಅದನ್ನು ತೋರಿಸಿಕೊಡಲು ಅವರ ಹತ್ತಿರ ಬರೆದಿಟ್ಟ ಪುಸ್ತಕ ಇರಲಿಲ್ಲ. "ಎಲ್ಲಾ ಫೋನಲ್ಲೇ ಇದೆಯಲ್ಲ ಸಾರ್, ಇನ್ನು ಲೆಕ್ಕ ಯಾಕೆ ಬರೀಬೇಕು?" ಅನ್ನೋದು ಅವರ ಮಾತು. ಫೋನಿನಲ್ಲಿರೋದು ದುಡ್ಡು ಬಂದ ದಾಖಲೆ ಮಾತ್ರ. ಅದು ಯಾತಕ್ಕಾಗಿ ಬಂತು ಅಂತ ಫೋನು ಬರೆದಿಡೋದಿಲ್ಲ. ಅದನ್ನು ಬರೆದಿಡುವುದೇ ನಾನು ಹೇಳುತ್ತಿರುವ ಕೆಲಸ.

ಮೊದಲು ಒಂದು ಅಭ್ಯಾಸ ಬಿಡಬೇಕು

ಇಲ್ಲಿ ನಿವೃತ್ತ ಗುಮಾಸ್ತರು ಮೊದಲ ವಾರವೇ ಎಡವುವ ಜಾಗ ಒಂದಿದೆ. ಬ್ಯಾಂಕಿನಲ್ಲಿ ಗಿರಾಕಿ ಹಣ ಕಟ್ಟಿದರೆ ಅವರ ಖಾತೆಗೆ ಕ್ರೆಡಿಟ್. ಯಾಕೆಂದರೆ ಆ ಹಣವನ್ನು ಬ್ಯಾಂಕು ಎಂದಾದರೂ ವಾಪಸ್ ಕೊಡಬೇಕು, ಅದು ಬ್ಯಾಂಕಿನ ತಲೆಮೇಲಿನ ಋಣ. ಮೂವತ್ತು ವರ್ಷ ಇದನ್ನೇ ಬರೆದ ಕೈ ಅದು. ಅಂಗಡಿಯ ಪುಸ್ತಕದಲ್ಲಿ ಇದು ಪೂರ್ತಿ ತಿರುವುಮುರುವು. ಬ್ಯಾಂಕಿನಲ್ಲಿರುವ ದುಡ್ಡು ಅಂಗಡಿಯವರ ಆಸ್ತಿ. ಹಾಗಾಗಿ ದುಡ್ಡು ಬ್ಯಾಂಕಿಗೆ ಹೋದಾಗ ಅಂಗಡಿಯ ಪುಸ್ತಕದಲ್ಲಿ ಬ್ಯಾಂಕ್ ಖಾತೆಗೆ ಡೆಬಿಟ್, ಚೆಕ್ ಕೊಟ್ಟಾಗ ಕ್ರೆಡಿಟ್. ಕನ್ನಡಿಯಲ್ಲಿ ಎಡಗೈ ಬಲಗೈ ಆದ ಹಾಗೆ. ಪಾಸ್‌ಬುಕ್ಕಿನ ಕ್ರೆಡಿಟ್ ಕಾಲಂ ನೋಡಿಕೊಂಡು ಅಂಗಡಿ ಪುಸ್ತಕದ ಕ್ರೆಡಿಟ್ ಕಾಲಂಗೆ ಇಳಿಸಿದರೆ ಇಡೀ ತಿಂಗಳು ತಲೆಕೆಳಗಾಗುತ್ತದೆ.

ಇನ್ನೊಂದು, ಬ್ಯಾಂಕಿನಲ್ಲಿ ಸರಕು ಅನ್ನೋದೇ ಇಲ್ಲ. ಅಂಗಡಿಯಲ್ಲಿ ಅದೇ ಎಲ್ಲ. ತಿಂಗಳ ಮಾರಾಟದಿಂದ ತಿಂಗಳ ಖರೀದಿ ಕಳೆದರೆ ಲಾಭ ಸಿಗೋದಿಲ್ಲ. ತಿಂಗಳ ಮೊದಲ ದಿನ ಅಂಗಡಿಯಲ್ಲಿದ್ದ ಸರಕಿಗೆ ಖರೀದಿ ಕೂಡಿಸಿ, ಕೊನೇ ದಿನ ಉಳಿದ ಸರಕು ಕಳೆಯಬೇಕು. ಆಗ ಬರೋದು ಮಾರಿಹೋದ ಸರಕಿನ ಅಸಲು. ಆ ಅಸಲನ್ನು ಮಾರಾಟದಿಂದ ಕಳೆದ ಮೇಲೇ ಲಾಭದ ಮಾತು. ಆದ್ದರಿಂದ ವರ್ಷಕ್ಕೊಮ್ಮೆ, ಮಾರ್ಚ್ 31ರ ರಾತ್ರಿ, ಸರಕು ಎಣಿಸಿ ಬರೆಯುವುದು ತಪ್ಪದು. ಸಾಧ್ಯವಾದರೆ ಮೂರು ತಿಂಗಳಿಗೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು. ನಂಜನಗೂಡಿನಲ್ಲಿ ದೊಡ್ಡಜಾತ್ರೆಯೂ ಮಾರ್ಚ್-ಏಪ್ರಿಲ್ ಹೊತ್ತಿಗೇ ಬರುವುದರಿಂದ ಆ ದಿನಗಳಲ್ಲಿ ಅಂಗಡಿಯವರಿಗೆ ಉಸಿರಾಡಲೂ ಪುರುಸೊತ್ತಿರಲ್ಲ. ಎಣಿಕೆಯ ದಿನವನ್ನು ಮುಂಚೆಯೇ ಮಾತಾಡಿಟ್ಟುಕೊಳ್ಳಬೇಕು.

ಒಂದು ಅಂಗಡಿ, ಒಂದು ತಿಂಗಳು

ಈಗ ಒಂದು ಉದಾಹರಣೆ ನೋಡೋಣ. ನಂಜನಗೂಡಿನ ಬಜಾರಿನಲ್ಲಿ ಒಂದು ದಿನಸಿ ಅಂಗಡಿ ಅಂತ ಇಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಕೂತು ನಡೆಸೋದು. ಹಾಲು, ಅಕ್ಕಿ, ಬೇಳೆ, ಎಣ್ಣೆ, ಸೋಪು, ಬಿಸ್ಕತ್ತು ಮಾರುತ್ತಾರೆ. ಬೀಡಿ ಸಿಗರೇಟು ಇಟ್ಟಿಲ್ಲ. ಒಂದೇ ಬ್ಯಾಂಕ್ ಖಾತೆ, ಮನೆಗೂ ಅದೇ, ಅಂಗಡಿಗೂ ಅದೇ. ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನು ಇಟ್ಟುಕೊಂಡವು.

ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಟ್ಟು 3,60,000 ರೂಪಾಯಿ ಜಮೆಯಾಗಿದೆ. ಅದರ ಪ್ರಿಂಟ್ ತೆಗೆಸಿ, ಒಂದು ಪೆನ್ಸಿಲ್ ಹಿಡಿದು, ಅಂಗಡಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದೊಡ್ಡ ಮೊತ್ತಗಳನ್ನು ಒಂದೊಂದಾಗಿ ಕೇಳಬೇಕು. "ಇದು ಯಾರು ಕಳ್ಸಿದ್ದಮ್ಮಾ?" ಅಂದರೆ ಸಾಕು, ಆ ಮನೆಯ ಹೆಣ್ಣುಮಕ್ಕಳಿಗೆ ಎಲ್ಲಾ ನೆನಪಿರುತ್ತೆ. ನಮ್ಮ ಉದಾಹರಣೆಯಲ್ಲಿ ಸಿಕ್ಕಿದ್ದು ಹೀಗೆ. ಮೈದುನ ಮನೆ ರಿಪೇರಿಗೆಂದು ಕಳಿಸಿದ್ದು 40,000. ಅಂಗಡಿಯಮ್ಮ ಎತ್ತಿದ ಚೀಟಿ ಹಣ 50,000. ಗಲ್ಲಾಪೆಟ್ಟಿಗೆಯ ನಗದನ್ನು ಅಂಗಡಿಯವರೇ ತಗೊಂಡು ಹೋಗಿ ಬ್ಯಾಂಕಿಗೆ ಕಟ್ಟಿದ್ದು 35,000. ಹೋದ ತಿಂಗಳು ಉದ್ರಿ ಒಯ್ದವರು ಈ ತಿಂಗಳು ತೀರಿಸಿದ್ದು 18,400. ಸಗಟು ವ್ಯಾಪಾರಿ ಹಾಳಾದ ಮಾಲು ವಾಪಸ್ ತಗೊಂಡು ಹಿಂದಿರುಗಿಸಿದ್ದು 6,000.

ಈ ಐದೂ ಸೇರಿ 1,49,400. ಇದರಲ್ಲಿ ಒಂದು ರೂಪಾಯಿಯೂ ಈ ತಿಂಗಳ ಹೊಸ ಮಾರಾಟವಲ್ಲ. ಮೊದಲ ಎರಡು ಮನೆಯ ದುಡ್ಡು. ಮೂರನೆಯದು ಅಂಗಡಿಯ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದದ್ದು. ನಗದು ಮಾರಾಟ ಬರೆದಾಗಲೇ ಅದು ಲೆಕ್ಕಕ್ಕೆ ಬಂದಿರುತ್ತದೆ, ಮತ್ತೆ ಬರೆದರೆ ಎರಡು ಸಲ ಆಗುತ್ತೆ. ಉದ್ರಿಯೂ ಹಾಗೇ, ಮಾಲು ಕೊಟ್ಟ ತಿಂಗಳೇ ಅದು ಮಾರಾಟ. ಕೊನೆಯದು ಖರೀದಿ ಕಡಿಮೆಯಾದದ್ದು. ಕಳೆದರೆ ಉಳಿಯುವುದು 2,10,600, ಅಂದರೆ ಕ್ಯೂಆರ್ ಮೂಲಕ ನಿಜವಾಗಿ ನಡೆದ ವ್ಯಾಪಾರ.

ಇಲ್ಲಿಗೇ ನಿಲ್ಲಿಸುವ ಹಾಗಿಲ್ಲ. ಅಂಗಡಿಯ ನೋಟ್‌ಬುಕ್ಕಿನಲ್ಲಿ ದಿನಾ ರಾತ್ರಿ ಬರೆದ ನಗದು ಮಾರಾಟ ತಿಂಗಳಿಗೆ 1,25,000. ಈ ತಿಂಗಳು ಉದ್ರಿ ಕೊಟ್ಟದ್ದು 14,400. ಮೂರನ್ನೂ ಕೂಡಿದರೆ ತಿಂಗಳ ಮಾರಾಟ 3,50,000. ನೋಡಿದಿರಾ, ಬ್ಯಾಂಕಿನ ಜಮೆಗೂ ನಿಜವಾದ ಮಾರಾಟಕ್ಕೂ ವ್ಯತ್ಯಾಸ ಬರೀ ಹತ್ತು ಸಾವಿರ. ಆದರೆ ಒಳಗಿನ ಲೆಕ್ಕ ಪೂರ್ತಿ ಬೇರೆ. ಲೆಕ್ಕ ಬರೆಸಿದರೆ ಮಾರಾಟ ಕಡಿಮೆ ಕಾಣುತ್ತೆ ಅಂತ ಯಾರಾದರೂ ಆಸೆ ಇಟ್ಟುಕೊಂಡಿದ್ದರೆ ಅದು ತಪ್ಪು. ಮನೆಯ ದುಡ್ಡು ಹೊರಗೆ ಹೋದಷ್ಟೇ ಸಲೀಸಾಗಿ ನಗದು ವ್ಯಾಪಾರ ಒಳಗೆ ಬರುತ್ತದೆ.

ತೆರಿಗೆ ಎಷ್ಟಾಗುತ್ತೆ?

ಬರೀ ಸರಕು ಮಾರುವ ಅಂಗಡಿಗೆ ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. 2019ರ ಏಪ್ರಿಲ್‌ನಿಂದ ಹೀಗಿದೆ. ಆದರೆ ಅದರಲ್ಲೂ ಒಂದು ಕೊಕ್ಕೆ ಇದೆ. ಬೀಡಿ ಸಿಗರೇಟು, ಪಾನ್ ಮಸಾಲ ಅಥವಾ ಐಸ್‌ಕ್ರೀಂ ಮಾರುವ ಅಂಗಡಿಗೆ ಈ ರಿಯಾಯಿತಿ ಇಲ್ಲ, ಅವರ ಮಿತಿ 20 ಲಕ್ಷವೇ. ಅಂಗಡಿಯ ಮೂಲೆಯಲ್ಲಿ ಒಂದು ಜೆರಾಕ್ಸ್ ಮಿಷನ್ ಇಟ್ಟು ದುಡ್ಡು ತಗೊಂಡರೆ ಅದು ಸೇವೆ, ಆಗಲೂ 20 ಲಕ್ಷ. ಆದ್ದರಿಂದ ಮೊದಲ ದಿನ ಪುಸ್ತಕ ನೋಡುವ ಮುಂಚೆ ಅಂಗಡಿಯ ಕಪಾಟುಗಳನ್ನು ಒಂದು ಸುತ್ತು ನೋಡಿಬರಬೇಕು.

ನಮ್ಮ ಉದಾಹರಣೆಯ ಅಂಗಡಿ ಇದೇ ಗತಿಯಲ್ಲಿ ವರ್ಷವಿಡೀ ನಡೆದರೆ 42 ಲಕ್ಷ ಆಗುತ್ತೆ. ಮಿತಿ ದಾಟಿತು. "ಅಯ್ಯೋ, ನಮ್ಮದು ಹಾಲು, ಅಕ್ಕಿನೇ ಜಾಸ್ತಿ, ಅದಕ್ಕೆ ತೆರಿಗೆನೇ ಇಲ್ವಲ್ಲ" ಅಂತ ಅವರು ಹೇಳಬಹುದು. ಹಾಲು, ಬಿಡಿಯಾಗಿ ತೂಗಿ ಕೊಡುವ ಅಕ್ಕಿ ಬೇಳೆ, ತಾಜಾ ಹಣ್ಣು ತರಕಾರಿಗೆ ತೆರಿಗೆ ಇಲ್ಲ ಅನ್ನೋದು ಸರಿ. ಅಂಗಡಿಯಲ್ಲಿ ಅಂಥ ಮಾಲು ಮಾತ್ರ ಇದ್ದರೆ, ಉದಾಹರಣೆಗೆ ಬರೀ ರಸಬಾಳೆ ಮಾರುವವರಿಗೆ, ಎಷ್ಟೇ ಮಾರಾಟವಾದರೂ ನೋಂದಣಿ ಬೇಡ. ಆದರೆ ಪಕ್ಕದಲ್ಲಿ ಸೋಪು, ಬಿಸ್ಕತ್ತು ಇಟ್ಟ ಕೂಡಲೇ ಮಿತಿ ನೋಡುವಾಗ ಹಾಲಿನ ಮಾರಾಟವನ್ನೂ ಸೇರಿಸಿಯೇ ಎಣಿಸಬೇಕು. ತೆರಿಗೆ ಕಟ್ಟುವಾಗ ಮಾತ್ರ ಅದನ್ನು ಬಿಡಬಹುದು. ಈ ಎರಡು ಲೆಕ್ಕವನ್ನು ಗೊಂದಲ ಮಾಡಿಕೊಂಡವರೇ ಹೆಚ್ಚು.

ಸರಿ, ನೋಂದಣಿ ಮಾಡಿಸಿ, ಸಣ್ಣ ವರ್ತಕರಿಗಿರುವ ರಾಜಿ ತೆರಿಗೆ ಅಂದರೆ ಕಾಂಪೊಸಿಷನ್ ಪದ್ಧತಿ ಆರಿಸಿಕೊಂಡರು ಅಂದುಕೊಳ್ಳಿ. ತಿಂಗಳ 3,50,000ದಲ್ಲಿ ತೆರಿಗೆಯಿಲ್ಲದ ಮಾಲು 1,40,000 ಇದ್ದರೆ, ತೆರಿಗೆ ಬೀಳುವ ಮಾಲು 2,10,000. ವ್ಯಾಪಾರಿಗಳಿಗೆ ದರ ನೂರಕ್ಕೆ ಒಂದು. ತಿಂಗಳಿಗೆ 2,100 ರೂಪಾಯಿ, ಮೂರು ತಿಂಗಳಿಗೆ 6,300. ತ್ರೈಮಾಸಿಕ ಮುಗಿದ ಮುಂದಿನ ತಿಂಗಳು 18ರೊಳಗೆ ಸಿಎಂಪಿ-08 ನಮೂನೆಯಲ್ಲಿ ಕಟ್ಟಿದರಾಯಿತು, ಜೊತೆಗೆ ವರ್ಷಕ್ಕೊಂದು ರಿಟರ್ನ್. ಇದಕ್ಕೆ ಬದಲಾಗಿ ಅವರು ಗಿರಾಕಿಯಿಂದ ಬೇರೆಯಾಗಿ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ವಾಪಸ್ ಕೇಳುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ನೋಟಿಸು ನೋಡಿ ಹೆದರಿ ಕ್ಯೂಆರ್ ಕಿತ್ತುಹಾಕಿದವರಿಗೆ ಈ ಅಂಕಿ ಗೊತ್ತಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ.

ಇಲ್ಲಿ ಒಂದು ಎಚ್ಚರಿಕೆ. ಒಂದು ತಿಂಗಳನ್ನು ಹನ್ನೆರಡರಿಂದ ಗುಣಿಸಿದ್ದು ನಿಮಗೆ ತೋರಿಸಲಿಕ್ಕೆ ಮಾತ್ರ. ಶ್ರೀಕಂಠೇಶ್ವರನ ಸನ್ನಿಧಿಯ ಊರಿನಲ್ಲಿ ಸೋಮವಾರ, ಹುಣ್ಣಿಮೆ, ಜಾತ್ರೆಯ ವ್ಯಾಪಾರಕ್ಕೂ ಮಾಮೂಲಿ ದಿನಕ್ಕೂ ಅಜಗಜಾಂತರ. ತಿ. ನರಸೀಪುರದ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತೆ, 2025ರ ಫೆಬ್ರುವರಿಯಲ್ಲೂ ನಡೆಯಿತು. ಅಂಥ ತಿಂಗಳ ಮಾರಾಟ ಹಿಡಿದು ವರ್ಷದ್ದನ್ನು ಅಂದಾಜು ಮಾಡಿದರೆ ಲೆಕ್ಕ ಎಲ್ಲಿಗೋ ಹೋಗುತ್ತೆ. ಏಪ್ರಿಲ್ 1ರಿಂದ ತಿಂಗಳು ತಿಂಗಳೂ ಕೂಡುತ್ತಾ ಬಂದು, ಮಿತಿಯ ಹತ್ತಿರ ಬಂದಾಗ ಅಂಗಡಿಯವರಿಗೆ ಹೇಳಬೇಕು. ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕಾಗುತ್ತದೆ.

ತಾಳೆಯಾಗದಿದ್ದರೆ?

ಬರೆದದ್ದು ಸರಿಯೋ ತಪ್ಪೋ ಅಂತ ತಿಳಿಯೋದು ಹೇಗೆ? ಅದಕ್ಕೆ ತಿಂಗಳ ಕೊನೆಯ ತಾಳೆ ಪಟ್ಟಿ ಇದೆ. ನಿವೃತ್ತ ಗುಮಾಸ್ತರಿಗೆ ಇದು ಎಡಗೈ ಕೆಲಸ.

ನಮ್ಮ ಅಂಗಡಿಯ ಪುಸ್ತಕದ ಪ್ರಕಾರ ತಿಂಗಳ ಕೊನೆಗೆ ಬ್ಯಾಂಕಿನಲ್ಲಿ 84,250 ಇರಬೇಕು. ಎಣ್ಣೆ ವ್ಯಾಪಾರಿಗೆ ಕೊಟ್ಟ 22,000ದ ಚೆಕ್ಕನ್ನು ಅವರಿನ್ನೂ ಬ್ಯಾಂಕಿಗೆ ಹಾಕಿಲ್ಲ. ಆ ದುಡ್ಡು ಬ್ಯಾಂಕಿನಲ್ಲೇ ಇದೆ, ಆದ್ದರಿಂದ ಕೂಡಿಸಬೇಕು. ಕೊನೇ ದಿನ ಸಂಜೆ ಕ್ಯೂಆರ್‌ನಲ್ಲಿ ಬಂದ 7,350 ಅಂಗಡಿಯ ಖಾತೆಗೆ ಜಮೆಯಾಗುವುದು ಮರುದಿನ, ಅದನ್ನು ಕಳೆಯಬೇಕು. ವರ್ತಕರಿಗಾಗಿ ಕೊಡುವ ಎಷ್ಟೋ ಕ್ಯೂಆರ್‌ಗಳಲ್ಲಿ ದಿನದ ದುಡ್ಡೆಲ್ಲ ಸೇರಿ ಒಂದೇ ಮೊತ್ತವಾಗಿ ಮಾರನೇ ದಿನ ಬರೋದುಂಟು. ಮಾತಾಡುವ ಪೆಟ್ಟಿಗೆಯ ಬಾಡಿಗೆ, ಎಸ್‌ಎಂಎಸ್ ಶುಲ್ಕ ಎಲ್ಲ ಸೇರಿ ಬ್ಯಾಂಕು ಹಿಡಿದುಕೊಂಡದ್ದು 650, ಅದನ್ನು ಅಂಗಡಿಯವರು ಬರೆದೇ ಇಲ್ಲ, ಅದನ್ನೂ ಕಳೆಯಬೇಕು. ಹಾಗಾದರೆ ಪಾಸ್‌ಬುಕ್ಕಿನಲ್ಲಿ ಇರಬೇಕಾದ್ದು 98,250.

ಪಾಸ್‌ಬುಕ್ ತೆಗೆದು ನೋಡಿದರೆ 97,350. ಒಂಬೈನೂರು ಕಡಿಮೆ. "ಹೋಗ್ಲಿ ಬಿಡಿ ಸಾರ್, ಒಂಬೈನೂರು ತಾನೆ, ಯಾವುದೋ ಖರ್ಚು ಅಂತ ಬರ್ದುಬಿಡಿ" ಅಂತ ಅಂಗಡಿಯವರು ಅನ್ನಬಹುದು. ಬ್ಯಾಂಕಿನಲ್ಲಿದ್ದವರು ಹಾಗೆ ಬಿಡೋದಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು ಅನ್ನೋದು ಹಳೇ ಗುಮಾಸ್ತರಿಗೆ ಬಾಯಿಪಾಠ. 900 ಒಂಬತ್ತರಿಂದ ಭಾಗವಾಗುತ್ತೆ. ಹುಡುಕಿದರೆ ಸೋಪಿನ ವ್ಯಾಪಾರಿಗೆ ಕಳಿಸಿದ 5,400ನ್ನು ಪುಸ್ತಕದಲ್ಲಿ 4,500 ಅಂತ ಬರೆದದ್ದು ಸಿಗುತ್ತದೆ. ತಿದ್ದಿದರೆ ಪುಸ್ತಕದ ಬಾಕಿ 83,350ಕ್ಕೆ ಇಳಿದು ಎರಡೂ ತಾಳೆಯಾಗುತ್ತವೆ. ಬರೀ ಒಂಬೈನೂರಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂದಿರಾ? ತಿದ್ದದೆ ಬಿಟ್ಟಿದ್ದರೆ ಸೋಪಿನ ವ್ಯಾಪಾರಿಗೆ ಇನ್ನೂ 900 ಕೊಡಬೇಕು ಅಂತ ಪುಸ್ತಕ ಹೇಳುತ್ತಿತ್ತು, ಮುಂದಿನ ತಿಂಗಳು ಅದನ್ನು ಎರಡನೇ ಸಲ ಕೊಟ್ಟೂಬಿಡುತ್ತಿದ್ದರು.

ಒಂದು ಮಾತು. ಬ್ಯಾಂಕಿನ ಜೊತೆ ತಾಳೆಯಾದ ಮಾತ್ರಕ್ಕೆ ನಗದಿನ ಲೆಕ್ಕ ಸರಿ ಅಂತಲ್ಲ. ಗಲ್ಲಾಪೆಟ್ಟಿಗೆಯಿಂದ ಹಾಲಿನವನಿಗೆ, ಮಗನ ಫೀಸಿಗೆ, ತರಕಾರಿಗೆ ಕೈಗೆ ಸಿಕ್ಕಷ್ಟು ತೆಗೆದುಕೊಟ್ಟರೆ ಅದು ಯಾವ ಸ್ಟೇಟ್‌ಮೆಂಟಿನಲ್ಲೂ ಕಾಣೋದಿಲ್ಲ. ಪುಸ್ತಕದ ನಗದು ಬಾಕಿ ತಿಂಗಳು ತಿಂಗಳೂ ಬೆಳೆಯುತ್ತಾ ಹೋಗುತ್ತೆ, ಪೆಟ್ಟಿಗೆಯಲ್ಲಿ ಅಷ್ಟು ದುಡ್ಡು ಇರೋದಿಲ್ಲ. ಹಾಗಾದರೆ ಮನೆಖರ್ಚು ಬರೆಯದೆ ಬಿಟ್ಟುಹೋಗಿದೆ ಅಂತಲೇ ಅರ್ಥ. ಪೆಟ್ಟಿಗೆಯ ಹತ್ತಿರ ಒಂದು ಚಿಕ್ಕ ಪುಸ್ತಕ ಕಟ್ಟಿ, 'ಮನೆಗೆ ತೆಗೆದದ್ದು' ಅಂತ ಬರೆಸಿದರೆ ಅರ್ಧ ತೊಂದರೆ ಮುಗಿಯಿತು. ಇನ್ನರ್ಧ ಮುಗಿಯಬೇಕಾದರೆ ಅಂಗಡಿಗೆ ಬೇರೆಯದೇ ಒಂದು ಕರೆಂಟ್ ಖಾತೆ ತೆಗೆಸಿ ಕ್ಯೂಆರನ್ನು ಅದಕ್ಕೇ ಜೋಡಿಸಬೇಕು. ಮೈದುನ ಕಳಿಸುವ ದುಡ್ಡು ಆಮೇಲೆ ಹಳೇ ಖಾತೆಗೇ ಬರಲಿ.

ಎಲ್ಲಿಯವರೆಗೆ ಮಾಡಬಹುದು?

ಲೆಕ್ಕ ಬರೆಯಲು, ತಾಳೆ ನೋಡಲು, ಬಿಲ್ಲುಗಳನ್ನು ಜೋಡಿಸಿಡಲು ಯಾವ ಲೈಸೆನ್ಸೂ ಬೇಡ. ಆದರೆ ಆಡಿಟ್ ಮಾಡಿ ಸಹಿ ಹಾಕುವುದು ಚಾರ್ಟರ್ಡ್ ಅಕೌಂಟೆಂಟರ ಕೆಲಸ. ಮೂವತ್ತು ವರ್ಷದ ಅನುಭವ ಇದ್ದರೂ ನಿಮ್ಮ ಯಜಮಾನರು ಆ ಕಾಗದಕ್ಕೆ ಸಹಿ ಹಾಕುವಂತಿಲ್ಲ. ವರ್ತಕರ ಪರವಾಗಿ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಪ್ರಾಕ್ಟೀಷನರ್ ಆಗಬೇಕಾದರೆ ವಾಣಿಜ್ಯ, ಬ್ಯಾಂಕಿಂಗ್‌ನಂಥ ವಿಷಯದಲ್ಲಿ ಪದವಿ ಇರಬೇಕು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡು ಪರೀಕ್ಷೆ ಪಾಸು ಮಾಡಬೇಕು. ಬಿ.ಕಾಂ. ಮಾಡಿದವರು ಯೋಚಿಸಬಹುದು. ಪಿಯುಸಿ ಓದಿ ಬ್ಯಾಂಕು ಸೇರಿದವರು ಪುಸ್ತಕವನ್ನು ಸಿದ್ಧಪಡಿಸಿ ಊರಿನ ತೆರಿಗೆ ಸಲಹೆಗಾರರಿಗೆ ಒಪ್ಪಿಸಿದರೆ ಸಾಕು. ಅಚ್ಚುಕಟ್ಟಾದ ಪುಸ್ತಕ ತಂದುಕೊಡುವವರನ್ನು ಕಂಡರೆ ಸಲಹೆಗಾರರಿಗೂ ಖುಷಿ. ಮುಂದಿನ ಅಂಗಡಿಯನ್ನು ಅವರೇ ತೋರಿಸಿಕೊಟ್ಟರೂ ಆಶ್ಚರ್ಯವಿಲ್ಲ.

ಬೇಡ ಅನ್ನಲೇಬೇಕಾದ್ದು ಕೆಲವು ಇವೆ. ಅಂಗಡಿಯವರ ನಗದು ಕೈಯಲ್ಲಿ ಹಿಡಿಯಬಾರದು. ಸಹಿ ಮಾಡಿದ ಖಾಲಿ ಚೆಕ್ ಇಟ್ಟುಕೊಳ್ಳಬಾರದು. ಅವರ ಪಾಸ್‌ವರ್ಡ್, ಓಟಿಪಿ ಕೇಳಬಾರದು, ಅವರಾಗಿ ಕೊಟ್ಟರೂ ತಗೊಳ್ಳಬಾರದು. ಸ್ಟೇಟ್‌ಮೆಂಟನ್ನು ಅಂಗಡಿಯವರೇ ತೆಗೆಸಿಕೊಡಲಿ. ಹಳೇ ಬ್ರಾಂಚಿಗೆ ಹೋಗಿ "ಇವರ ಖಾತೆ ಸ್ವಲ್ಪ ನೋಡಪ್ಪಾ" ಅನ್ನೋದಂತೂ ಕೂಡದು. ನಗದು ಮಾರಾಟವನ್ನು ಬಿಟ್ಟು ಬರೆಯಿರಿ ಅಂದರೆ ಆ ಅಂಗಡಿಯೇ ಬೇಡ. ನಾಳೆ ಏನಾದರೂ ಆದರೆ ಬರೆದ ಅಕ್ಷರ ಯಾರದು ಅಂತ ಮೊದಲು ಕೇಳುತ್ತಾರೆ.

ಎಷ್ಟು ಕೇಳೋದು, ಯಾವಾಗ ಹೋಗೋದು?

ಸಂಬಳ ಗೊತ್ತುಮಾಡುವ ಮುಂಚೆ ಮೊದಲ ತಿಂಗಳು ಎಷ್ಟು ಗಂಟೆ ಹಿಡಿಯಿತು ಅಂತ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಲಿ. ಹಳೇ ಗೋಜಲು ಬಿಡಿಸುವುದರಿಂದ ಮೊದಲ ತಿಂಗಳು ಹೆಚ್ಚೇ ಹಿಡಿಯುತ್ತೆ, ಎರಡನೇ ತಿಂಗಳಿನದೇ ಸರಿಯಾದ ಅಳತೆ. ಸಣ್ಣ ಸಣ್ಣ ಕ್ಯೂಆರ್ ಮಾರಾಟವನ್ನು ಒಂದೊಂದಾಗಿ ಬರೆಯದೆ ದಿನಕ್ಕೊಂದು ಮೊತ್ತವಾಗಿ ಬರೆದರೆ ತುಂಬಾ ಹೊತ್ತು ಉಳಿಯುತ್ತದೆ. ತಿಂಗಳಿಗೆ ಹತ್ತು ಗಂಟೆ ಬೇಕಾಯಿತು, ಗಂಟೆಗೆ 200 ರೂಪಾಯಿ ಅಂದುಕೊಂಡರೆ 2,000 ಆಯಿತು. ಅಂಗಡಿಯ ಲಾಭ ನೋಡಿಕೊಂಡು ಹೆಚ್ಚುಕಡಿಮೆ ಮಾಡಬಹುದು. ಆದರೆ ಹಳೇ ವರ್ಷಗಳ ಬಾಕಿ ಲೆಕ್ಕ ಬರೆಯುವುದನ್ನು ತಿಂಗಳ ಸಂಬಳದೊಳಗೆ ಸೇರಿಸಬೇಡಿ, ಅದಕ್ಕೆ ಬೇರೆ ಮಾತು. ಯಾವ ಕೆಲಸ ಮಾಡಿಕೊಡುತ್ತೀವಿ, ಯಾವುದು ಮಾಡಲ್ಲ ಅಂತ ಅರ್ಧ ಪುಟ ಬರೆದು ಇಬ್ಬರೂ ಸಹಿ ಹಾಕಿದರೆ ಮುಂದೆ ಮನಸ್ತಾಪ ಬರೋದಿಲ್ಲ. ಬಂದ ಸಂಭಾವನೆಯನ್ನು ಪಿಂಚಣಿಯ ಜೊತೆ ಆದಾಯ ತೆರಿಗೆಯಲ್ಲಿ ತೋರಿಸಬೇಕು ಅನ್ನೋದನ್ನೂ ಮರೆಯಬೇಡಿ.

ಮೈಸೂರಿನಲ್ಲಿ ಮನೆ ಇದ್ದರೂ ತೊಂದರೆಯಿಲ್ಲ. ನಂಜನಗೂಡಿಗೆ ಚಾಮರಾಜನಗರದ ರೈಲು ಇದೆ. ತಿ. ನರಸೀಪುರಕ್ಕೆ ರೈಲಿಲ್ಲ, ಬಸ್ಸೇ ಗತಿ. ಆದ್ದರಿಂದ ಮೊದಲು ಒಂದೇ ಊರು ಹಿಡಿದುಕೊಂಡು, ಒಂದೇ ಬೀದಿಯಲ್ಲಿ ಎರಡು ಅಂಗಡಿ ಸಿಕ್ಕಿದರೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಮುಗಿಸಿ ಸಂಜೆ ಕಾಫಿಗೆ ಮನೆ ಸೇರಬಹುದು. ನಂಜನಗೂಡಿಗಾದರೆ ಸೋಮವಾರ, ಹುಣ್ಣಿಮೆ ಬಿಟ್ಟು ಹೋಗಲಿ, ಆ ದಿನ ಅಂಗಡಿಯವರು ತಲೆ ಎತ್ತಿಯೂ ನೋಡಲಾರರು. ಊಟವಾದ ಮೇಲೆ ವ್ಯಾಪಾರ ಸ್ವಲ್ಪ ತಣ್ಣಗಿರುವ ಹೊತ್ತು ಒಳ್ಳೆಯದು.

ಎರಡು ಅಂಗಡಿಗಿಂತ ಹೆಚ್ಚು ಮೊದಲ ವರ್ಷ ಒಪ್ಪಿಕೊಳ್ಳದಂತೆ ನೀವೇ ನೋಡಿಕೊಳ್ಳಿ. ಎಲ್ಲ ಅಂಗಡಿಯ ಕೊನೇ ದಿನಾಂಕವೂ 18 ಆಗಿರುವುದರಿಂದ ನಾಲ್ಕು ಒಪ್ಪಿಕೊಂಡರೆ ಮೂರು ತಿಂಗಳಿಗೊಮ್ಮೆ ಮನೆ ಮತ್ತೆ ಬ್ಯಾಂಕಿನ ವಾರ್ಷಿಕ ಮುಕ್ತಾಯದ ಹಾಗಾಗುತ್ತೆ. ಮೂರನೇ ತಿಂಗಳ ತಾಳೆ ಪಟ್ಟಿ ಒಂದೇ ಕೂಡಿಕೆಯಲ್ಲಿ ಸರಿಹೋಯಿತು ಅಂದರೆ, ಮತ್ತು ಅಂಗಡಿಯಮ್ಮ ಕೇಳುವ ಮುಂಚೆಯೇ "ಇದು ನಮ್ಮಣ್ಣ ಕಳ್ಸಿದ್ದು ಸಾರ್, ಬೇರೆ ಬರ್ಕೊಳಿ" ಅಂದರೆ, ಮೂರನೇ ಅಂಗಡಿಯ ಬಗ್ಗೆ ಯೋಚಿಸಲು ಅಡ್ಡಿಯಿಲ್ಲ.